ಗೋಡೆಯಿಂದ 9 ಇಂಚು: ಹಂದಿಯ ಹೆರಿಗೆ ಕೋಣೆಯನ್ನು ಮತ್ತೆ ಕಟ್ಟಿದ ಲೆಕ್ಕ

ನಮ್ಮದು ಗಂಗಾವತಿ ತಾಲೂಕಿನ ಒಂದು ಹಳ್ಳಿ. ಎಡದಂಡೆ ಕಾಲುವೆ ನೀರಿನ ಭತ್ತದ ಗದ್ದೆ, ಗದ್ದೆಯ ಮೂಲೆಯ ದಿಬ್ಬದ ಮೇಲೆ ಮೂರು ಹೆಣ್ಣು ಹಂದಿ, ಒಂದು ಗಂಡು. ಎಲ್ಲವೂ ಬಿಳಿ ಯಾರ್ಕ್‌ಶೈರ್. ನಾನೂ ನನ್ನ ತಮ್ಮನೂ ನೋಡಿಕೊಳ್ಳುತ್ತೇವೆ. ಕಳೆದ ನವೆಂಬರ್ 30ರ ರಾತ್ರಿ ನಮ್ಮ ದೊಡ್ಡ ಹಂದಿ ಮರಿ ಹಾಕಿತು, ಜೀವಂತ ಹುಟ್ಟಿದ್ದು 11. ಹಾಲು ಬಿಡಿಸುವ ಹೊತ್ತಿಗೆ ಉಳಿದದ್ದು 6. ನಾಲ್ಕು ಮರಿ ತಾಯಿಯ ಕೆಳಗೆ ಸಿಕ್ಕಿ ಸತ್ತವು, ಒಂದು ಹಾಲು ಸಿಗದೆ ಸತ್ತಿತು. ಈ ಬರಹ ಆ ನಾಲ್ಕು ಮರಿಗಳ ಬಗ್ಗೆ, ಮತ್ತು ಅದೇ ಹಂದಿ ಮೇ ತಿಂಗಳಲ್ಲಿ ಮತ್ತೆ ಮರಿ ಹಾಕುವ ಮೊದಲು ಕೋಣೆಯಲ್ಲಿ ನಾವು ಏನೇನು ಬದಲಾಯಿಸಿದೆವು ಅನ್ನುವುದರ ಬಗ್ಗೆ.

ಸತ್ತ ಮರಿ ಎಲ್ಲಿ ಸಿಕ್ಕಿತು, ಎಷ್ಟು ಹೊತ್ತಿಗೆ ಸಿಕ್ಕಿತು ಅಂತ ತಮ್ಮ ಗೋಡೆಯ ಮೇಲೆ ಇದ್ದಿಲಿನಿಂದ ಬರೆದಿಟ್ಟಿದ್ದ. ಅದು ಬಹಳ ಉಪಯೋಗಕ್ಕೆ ಬಂತು. ನಾಲ್ಕರಲ್ಲಿ ಮೂರು ಮರಿ ಗೋಡೆಗೆ ಅಂಟಿಕೊಂಡಂತೆ ಸಿಕ್ಕಿದ್ದವು, ಒಂದು ಮಾತ್ರ ನಡುವೆ. ನಾಲ್ಕೂ ಸತ್ತದ್ದು ಮೊದಲ ಮೂರು ದಿನದೊಳಗೆ, ರಾತ್ರಿ 11ರಿಂದ ಬೆಳಗಿನ ಜಾವ 4ರ ಒಳಗೆ. ಹಂದಿ ಹೇಗೆ ಮಲಗುತ್ತದೆ ಅಂತ ನಿಂತು ನೋಡಿದರೆ ಕಾರಣ ತಿಳಿಯುತ್ತದೆ. ಮೊದಲು ಮುಂಗಾಲು ಮಡಚಿ ಮೊಣಕಾಲೂರುತ್ತದೆ, ಆಮೇಲೆ ಬೆನ್ನನ್ನು ಗೋಡೆಗೆ ಒರಗಿಸಿ ಜಾರುತ್ತಾ ಬಂದು ಕೊನೆಯಲ್ಲಿ ಹಿಂಭಾಗವನ್ನು ದೊಪ್ಪನೆ ಕೆಡವುತ್ತದೆ. ನಮ್ಮ ಹಂದಿ 180 ಕೆಜಿ ಮೇಲೆ ಇದೆ, ಹುಟ್ಟಿದ ಮರಿ ಒಂದೂಕಾಲು ಕೆಜಿ. ಗೋಡೆಗೂ ಬೆನ್ನಿಗೂ ನಡುವೆ ಮರಿ ಇದ್ದರೆ ಅದಕ್ಕೆ ಓಡಲು ಜಾಗವೇ ಇಲ್ಲ.

ಆದರೆ ಮರಿ ಅಲ್ಲಿಗೆ ಯಾಕೆ ಹೋಗುತ್ತದೆ? ಚಳಿಗೆ. ಹುಟ್ಟಿದ ಮರಿಯ ಮೈಯಲ್ಲಿ ಕೊಬ್ಬು ಇಲ್ಲ, ಕೂದಲೂ ಹೆಚ್ಚುಕಡಿಮೆ ಇಲ್ಲ, ಅದಕ್ಕೆ ಮೊದಲ ದಿನಗಳಲ್ಲಿ 32ರಿಂದ 34 ಡಿಗ್ರಿ ಬಿಸಿ ಬೇಕು. ತಾಯಿಗೆ ಹಿತವಾದದ್ದು ಸುಮಾರು 20 ಡಿಗ್ರಿ. 25 ದಾಟಿದರೆ ತಾಯಿ ಏದುಸಿರು ಬಿಡಲು ಶುರು ಮಾಡುತ್ತದೆ, ಯಾಕೆಂದರೆ ಹಂದಿಗೆ ನಮ್ಮ ಹಾಗೆ ಬೆವರಿ ಮೈ ತಂಪು ಮಾಡಿಕೊಳ್ಳಲು ಆಗುವುದಿಲ್ಲ. ಒಂದೇ ಕೋಣೆಯಲ್ಲಿ ಎರಡು ಹವಾಮಾನ ಬೇಕು, ಅಷ್ಟೇ ವಿಷಯ. ನವೆಂಬರಿನ ಚಳಿಯಲ್ಲಿ ಕೋಣೆಯೊಳಗೆ ಬೆಚ್ಚಗಿದ್ದ ಒಂದೇ ಜಾಗ ಅಂದರೆ ತಾಯಿಯ ಮೈ, ಹಾಗಾಗಿ ಹಾಲು ಕುಡಿದ ಮೇಲೂ ಮರಿಗಳು ಅಲ್ಲೇ ಬಿದ್ದುಕೊಳ್ಳುತ್ತಿದ್ದವು.

ಜನವರಿ 11ಕ್ಕೆ, ಅಂದರೆ 42ನೇ ದಿನಕ್ಕೆ, ಹಾಲು ಬಿಡಿಸಿದೆವು. ಐದು ದಿನಕ್ಕೆ, 16ನೇ ತಾರೀಕು, ಬೆದೆಗೆ ಬಂತು, ಗಂಡಿನ ಜೊತೆ ಬಿಟ್ಟೆವು. ಹಂದಿಯ ಗಬ್ಬ 114 ದಿನ, ನಮ್ಮ ಕಡೆ ಹಿರಿಯರು ಮೂರು ತಿಂಗಳು, ಮೂರು ವಾರ, ಮೂರು ದಿನ ಅಂತ ನೆನಪಿಟ್ಟುಕೊಳ್ಳುತ್ತಾರೆ. ಎಣಿಸಿದರೆ ಮೇ 10. ಕೊಪ್ಪಳ ಜಿಲ್ಲೆಯ ಮೇ ತಿಂಗಳು ಗೊತ್ತಲ್ವಾ, ಹಗಲು 40 ದಾಟುತ್ತದೆ. ಚಳಿಗೆ ಕಟ್ಟಿದ ಪರಿಹಾರ ಸಾಕಾಗುವುದಿಲ್ಲ, ಬಿಸಿಲಿಗೂ ಕಟ್ಟಬೇಕು.

ಏಪ್ರಿಲ್ ಮೊದಲ ವಾರ: ನೆಲ

ಕೋಣೆ 8 ಅಡಿ ಅಗಲ, 10 ಅಡಿ ಉದ್ದ. ಸೈಜುಗಲ್ಲಿನ ಗೋಡೆ ನಾಲ್ಕೂವರೆ ಅಡಿ, ಮೇಲೆಲ್ಲ ತೆರೆದದ್ದು, ತಗಡಿನ ಮಾಡು. ಹಳೆಯ ನೆಲ ಒಡೆದು ಗುಂಡಿ ಬಿದ್ದಿತ್ತು, ಗುಂಡಿಯಲ್ಲಿ ಉಚ್ಚೆ ನಿಲ್ಲುತ್ತಿತ್ತು. ಮೇಲೆ ಎರಡು ಇಂಚು ಹೊಸ ಕಾಂಕ್ರೀಟ್ ಹಾಕಿಸಿ, 10 ಅಡಿ ಉದ್ದಕ್ಕೆ 3 ಇಂಚು ಇಳಿಜಾರು ಕೊಟ್ಟೆವು. ಇದಕ್ಕಿಂತ ಜಾಸ್ತಿ ಕೊಟ್ಟರೆ ಗಬ್ಬದ ಹಂದಿ ಜಾರುತ್ತದೆ, ಕಡಿಮೆ ಕೊಟ್ಟರೆ ನೀರು ಹರಿಯುವುದಿಲ್ಲ. ಮೇಸ್ತ್ರಿ ಮನೆಯ ನೆಲದ ಹಾಗೆ ನುಣ್ಣಗೆ ತಿಕ್ಕಲು ಹೊರಟಿದ್ದ, ಬೇಡ ಅಂತ ನಿಲ್ಲಿಸಿ ತೆಂಗಿನ ಕಡ್ಡಿಯ ಪೊರಕೆಯಿಂದ ಹಸಿ ಕಾಂಕ್ರೀಟಿನ ಮೇಲೆ ಅಡ್ಡಡ್ಡ ಗೆರೆ ಎಳೆಸಿದೆ. ಆದರೆ ತುಂಬಾ ಒರಟಾದರೆ ಹಾಲು ಕುಡಿಯುವಾಗ ಮರಿಗಳ ಮುಂಗಾಲಿನ ಮಂಡಿ ಉಜ್ಜಿ ಗಾಯವಾಗುತ್ತದೆ, ಆ ಗಾಯದಿಂದಲೇ ಕೀಲು ಬಾತುಕೊಳ್ಳುತ್ತದೆ. ಕೈಯಿಂದ ಸವರಿದರೆ ಗೆರೆ ತಿಳಿಯಬೇಕು, ಚರ್ಮ ತರಚಬಾರದು. ಏಳು ದಿನ ಗೋಣಿಚೀಲ ಹಾಸಿ ನೀರು ಹೊಡೆದೆವು.

ಏಪ್ರಿಲ್ ಮಧ್ಯ: ಪೈಪು

ಗೋಡೆಗೂ ಹಂದಿಗೂ ನಡುವೆ ಮರಿ ನುಸುಳುವ ಜಾಗ ಉಳಿಸುವುದೇ ಈ ಕಾವಲು ಪೈಪಿನ ಕೆಲಸ. ಎರಡು ಇಂಚಿನ ಜಿಐ ಪೈಪು, ಗೋಡೆಯಿಂದ 9 ಇಂಚು ದೂರ, ನೆಲದಿಂದ 9 ಇಂಚು ಎತ್ತರ, ಬಾಗಿಲಿನ ಕಡೆ ಬಿಟ್ಟು ಮೂರು ಕಡೆ. ಹಂದಿ ಒರಗಿದಾಗ ಬೆನ್ನು ಪೈಪಿಗೆ ತಾಗಿ ನಿಲ್ಲುತ್ತದೆ, ಮರಿ ಪೈಪಿನ ಕೆಳಗೆ ಸೇರಿಕೊಳ್ಳುತ್ತದೆ. 8ರಿಂದ 10 ಇಂಚಿನೊಳಗೆ ಇದ್ದರೆ ಕೆಲಸ ಆಗುತ್ತದೆ. ಇನ್ನೂ ಎತ್ತರ ಮಾಡಿದರೆ ಹಂದಿ ಬೆನ್ನನ್ನೇ ಪೈಪಿನ ಕೆಳಗೆ ತೂರಿಸುತ್ತದೆ.

ಇಲ್ಲಿ ನಾವು ಎರಡು ತಪ್ಪು ಮಾಡಿದೆವು, ಎರಡನ್ನೂ ಸರಿಯಾಗಿ ಹೇಳುತ್ತೇನೆ. ಒಂದು, ಪೈಪು ಕೂರಿಸಲು ಗೋಡೆಯ ಮೇಲೆ ಎತ್ತರದ ಗುರುತು ಹಾಕಿದ್ದು ಹಳೆಯ ನೆಲದಿಂದ. ಮೇಲೆ ಎರಡು ಇಂಚು ಕಾಂಕ್ರೀಟ್ ಬಂದಿದೆ ಅನ್ನುವುದು ಮರೆತೇ ಹೋಗಿತ್ತು. ಕೂರಿಸಿ ನೋಡಿದರೆ ಕೆಳಗೆ ಉಳಿದದ್ದು 7 ಇಂಚು. ಮೊದಲ ವಾರದ ಮರಿಗೆ ಅಷ್ಟು ಸಾಕು ಅನಿಸುತ್ತದೆ, ಆದರೆ ಅದರ ಮೇಲೆ ಎರಡು ಇಂಚು ಹುಲ್ಲು ಹಾಸುತ್ತೇವೆ, ಆಗ ಉಳಿಯುವುದು 5. ಬಿಚ್ಚಿಸಿ ಎರಡು ಇಂಚು ಮೇಲಕ್ಕೆ ಎತ್ತಿ ಮತ್ತೆ ವೆಲ್ಡಿಂಗ್ ಮಾಡಿಸಿದೆವು. ಅಳತೆ ಯಾವಾಗಲೂ ಮುಗಿದ ನೆಲದಿಂದ ಪೈಪಿನ ಕೆಳ ಅಂಚಿಗೆ ತೆಗೆಯಬೇಕು.

ಎರಡನೆಯದು ಆಧಾರ. ಪೈಪಿನ ಎರಡು ತುದಿ ಮಾತ್ರ ಗೋಡೆಗೆ ಸೇರಿಸಿ, ನಡುವೆ ಏನೂ ಕೊಡದೆ ಬಿಟ್ಟಿದ್ದೆವು. ಪರೀಕ್ಷೆಗೆ ಅಂತ ಒಂದು ದಿನ ಹಂದಿಯನ್ನು ಒಳಗೆ ಬಿಟ್ಟೆವು. ಸಂಜೆಯ ಹೊತ್ತಿಗೆ 10 ಅಡಿಯ ಪೈಪು ನಡುವೆ ಬಿಲ್ಲಿನ ಹಾಗೆ ಬಾಗಿ ಗೋಡೆಯಿಂದ 5 ಇಂಚಿಗೆ ಬಂದಿತ್ತು. ಹಂದಿ ಪೈಪಿಗೆ ಬರೀ ಒರಗುವುದಿಲ್ಲ, ಮೂತಿ ಕೆಳಗೆ ಹಾಕಿ ಮೇಲಕ್ಕೆ ಎತ್ತುತ್ತದೆ. ವೆಲ್ಡಿಂಗ್ ಮಾಡುವ ಹುಡುಗ ಬಂದವನೇ, "ಅಣ್ಣಾ, ಇದಕ್ಕ ಮೂರು ಅಡಿಗೊಂದು ಕಾಲು ಬೇಕ್ರಿ, ಕಾಲು ನೆಲದಾಗ ಹೂಳಬೇಕು, ಸುಮ್ನ ಬೋಲ್ಟ್ ಹಾಕಿದ್ರ ವಾರಕ್ಕ ಕಿತ್ತು ಬರ್ತೈತಿ" ಅಂದ. ಹಾಗೇ ಮಾಡಿದೆವು. ನೆಲ ಕೊರೆದು ಅರ್ಧ ಅಡಿ ಆಳಕ್ಕೆ ಕಾಲು ಇಳಿಸಿ ಕಾಂಕ್ರೀಟ್ ತುಂಬಿದೆವು. ಈಗ ನಾನು ನಿಂತು ಕುಣಿದರೂ ಅಲುಗುವುದಿಲ್ಲ. ನೆಲ ಹಾಕುವ ಮೊದಲೇ ಕಾಲು ಕೂರಿಸಿದ್ದರೆ ಹೊಸ ನೆಲ ಕೊರೆಯುವ ಕೆಲಸ ಉಳಿಯುತ್ತಿತ್ತು.

ಮರಿಗಳ ಗೂಡು

ಇಳಿಜಾರಿನ ಮೇಲ್ಭಾಗದ ಮೂಲೆಯಲ್ಲಿ 4 ಅಡಿಗೆ ಎರಡೂವರೆ ಅಡಿ ಜಾಗವನ್ನು ಕಲ್ಲಿನ ಬಂಡೆ ನಿಲ್ಲಿಸಿ ಬೇರೆ ಮಾಡಿದೆವು. 10-12 ಮರಿ ಪಕ್ಕಪಕ್ಕ ಮಲಗಲು ಅಷ್ಟು ಸಾಕು. ಬಂಡೆಯ ಕೆಳಗೆ 10 ಇಂಚು ಅಗಲ, 10 ಇಂಚು ಎತ್ತರದ ಕಿಂಡಿ. ಅದರಲ್ಲಿ ಮರಿ ಹೋಗುತ್ತದೆ, ತಾಯಿಯ ಮೂತಿ ಮಾತ್ರ ಹೋಗುತ್ತದೆ. ನೆಲಕ್ಕೆ ಒಣ ಗೋಣಿಚೀಲ, ಅದರ ಮೇಲೆ ಒಂದು ಗೇಣು ಉದ್ದಕ್ಕೆ ಕತ್ತರಿಸಿದ ಭತ್ತದ ಹುಲ್ಲು. ಉದ್ದ ಹುಲ್ಲು ಹಾಕಬೇಡಿ, ಮರಿಯ ಕಾಲಿಗೆ ಸುತ್ತಿಕೊಳ್ಳುತ್ತದೆ, ಎದ್ದು ಓಡಲಾಗದೆ ತಾಯಿಯ ಕೆಳಗೆ ಸಿಗುತ್ತದೆ. ಮೇಲೆ ಪ್ಲೈವುಡ್ ಮುಚ್ಚಳ, ನಡುವೆ ಬಲ್ಬ್.

ಬಲ್ಬಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಎಲ್‌ಇಡಿ ಹಾಕಿದರೆ ಬೆಳಕು ಬರುತ್ತದೆ, ಬಿಸಿ ಬರುವುದಿಲ್ಲ. ತಂತಿ ಕಾಯುವ ಹಳೆಯ ಬಗೆಯ 100 ವ್ಯಾಟ್ ಬಲ್ಬ್ ಬೇಕು, ಇಲ್ಲವೇ ಕೋಳಿ ಮರಿಗೆ ಹಾಕುವ ಕೆಂಪು ಇನ್‌ಫ್ರಾರೆಡ್ ಬಲ್ಬ್. ನೆಲದಿಂದ 20 ಇಂಚು ಎತ್ತರಕ್ಕೆ ಕಬ್ಬಿಣದ ಸರಪಳಿಯಲ್ಲಿ ತೂಗುಹಾಕಿ, ಸುತ್ತ ತಂತಿ ಬುಟ್ಟಿ ಹಾಕಿ. ವಿದ್ಯುತ್ ತಂತಿಯಿಂದಲೇ ಬಲ್ಬ್ ತೂಗುಬಿಡಬೇಡಿ, ಕೆಳಗೆ ಒಣ ಹುಲ್ಲಿದೆ ಅನ್ನುವುದು ನೆನಪಿರಲಿ. ಒಂದು ಅಗ್ಗದ ಥರ್ಮಾಮೀಟರನ್ನು ಮರಿಯ ಬೆನ್ನಿನ ಮಟ್ಟಕ್ಕೆ ಗೋಡೆಗೆ ಕಟ್ಟಿದೆವು. ಕೊಪ್ಪಳದ ಮೇ ತಿಂಗಳಲ್ಲಿ ಬಲ್ಬ್ ಯಾಕೆ ಅಂತ ನೋಡಲು ಬಂದವರೆಲ್ಲ ಕೇಳಿದರು. ಬೆಳಗಿನ ಜಾವ 3 ಗಂಟೆಗೆ ಕೋಣೆಯಲ್ಲಿ 27 ಡಿಗ್ರಿ ಇತ್ತು. ನಮಗೆ ಸೆಕೆ, ಒದ್ದೆ ಮೈಯ ಹೊಸ ಮರಿಗೆ ಅದು ಚಳಿ. ಮುಚ್ಚಳ ಹಾಕಿ 100 ವ್ಯಾಟ್ ಉರಿಸಿದರೆ ಗೂಡಿನೊಳಗೆ 33 ಬರುತ್ತಿತ್ತು. ಕರೆಂಟ್ ಹೋದಾಗ ಬಿಸಿನೀರು ತುಂಬಿದ ಐದು ಲೀಟರ್ ಕ್ಯಾನ್ ಎರಡನ್ನು ಗೋಣಿಯಲ್ಲಿ ಸುತ್ತಿ ಗೂಡಿನ ಮೂಲೆಗೆ ಇಡುತ್ತಿದ್ದೆವು, ಒಂದೂವರೆ ಗಂಟೆ ತಡೆಯುತ್ತದೆ.

ಥರ್ಮಾಮೀಟರ್ ಇಲ್ಲದಿದ್ದರೂ ಮರಿಗಳನ್ನು ನೋಡಿ ಹೇಳಬಹುದು. ಒಂದರ ಮೇಲೊಂದು ರಾಶಿ ಬಿದ್ದಿದ್ದರೆ ಚಳಿ. ಬಲ್ಬಿನಿಂದ ದೂರ, ಅಂಚಿಗೆ ಹೋಗಿ ಒಂದೊಂದೇ ಬಿದ್ದಿದ್ದರೆ ಸೆಕೆ. ಪಕ್ಕಪಕ್ಕ ಕಾಲು ಚಾಚಿ ಮಲಗಿದ್ದರೆ ಸರಿ.

ಮಾಡು ಮತ್ತು ಹನಿ

ಏಪ್ರಿಲ್ 20ರ ಮಧ್ಯಾಹ್ನ 2 ಗಂಟೆಗೆ ತಗಡಿನ ಕೆಳಗೆ 43 ಡಿಗ್ರಿ. ತಗಡಿನ ಮೇಲೆ ಒಂದು ಅಡಿ ದಪ್ಪ ಭತ್ತದ ಹುಲ್ಲು ಹರಡಿ ಹಳೆಯ ಬಲೆ ಹೊದಿಸಿ ಕಟ್ಟಿದೆವು, ಪಶ್ಚಿಮದ ಕಡೆ ಗೋಣಿ ಪರದೆ ಇಳಿಬಿಟ್ಟೆವು. 38ಕ್ಕೆ ಇಳಿಯಿತು. ಇಷ್ಟೂ ಹಂದಿಗೆ ಜಾಸ್ತಿಯೇ. ಹಾಗಾಗಿ ತೋಟದಲ್ಲಿ ಮಿಕ್ಕಿದ್ದ ಡ್ರಿಪ್ ಪೈಪಿನ ತುಂಡು ತಂದು, ಗಂಟೆಗೆ 4 ಲೀಟರ್ ಬಿಡುವ ಎರಡು ಡ್ರಿಪ್ಪರನ್ನು ಇಳಿಜಾರಿನ ಕೆಳತುದಿಯ ಮೇಲೆ, ಗೂಡಿನಿಂದ ಆದಷ್ಟು ದೂರ ಕಟ್ಟಿದೆವು. ಹನಿ ಕತ್ತು, ಹೆಗಲಿನ ಮೇಲೆ ಬೀಳಬೇಕು. ಅರ್ಧ ಗಂಟೆ ಬಿಟ್ಟು ಅರ್ಧ ಗಂಟೆ ನಿಲ್ಲಿಸುತ್ತಿದ್ದೆವು, ಒದ್ದೆ ಮೈ ಗಾಳಿಗೆ ಆರುವಾಗಲೇ ತಂಪಾಗುವುದು. ಎರಡೇ ದಿನದಲ್ಲಿ ಹಂದಿ ತಾನಾಗಿ ತಲೆಯನ್ನು ಆ ತುದಿಗೆ ಇಟ್ಟು ಮಲಗಲು ಕಲಿಯಿತು. ಮುಖಕ್ಕೆ ನೀರು ಎರಚಿದರೆ ಅದು ತಲೆ ಕೊಡವಿ ಏಳುತ್ತದೆ, ಕಿವಿಗೂ ನೀರು ಹೋಗುತ್ತದೆ, ಆ ರೀತಿ ಮಾಡಬೇಡಿ.

ಮೇ 3: ಒಳಗೆ ತಂದದ್ದು

ಎರಡು ವಾರ ಮೊದಲೇ ಜಂತುಹುಳದ ಔಷಧಿ ಕೊಟ್ಟಿದ್ದೆವು. ಕೋಣೆಗೆ ಸುಣ್ಣ ಬಳಿದು ಒಣಗಿಸಿ, ಹಂದಿಯ ಮೈ, ಮುಖ್ಯವಾಗಿ ಕೆಚ್ಚಲು, ಸೋಪು ನೀರಿನಿಂದ ತೊಳೆದು ಒಂದು ವಾರ ಮೊದಲು ಒಳಗೆ ತಂದೆವು. ಮರಿ ಬಾಯಿಗೆ ಮೊದಲು ಹೋಗುವುದು ಮೊಲೆಗೆ ಅಂಟಿದ ಕೊಳೆ, ಹಾಗಾಗಿ ಈ ತೊಳೆಯುವುದನ್ನು ಬಿಡಬೇಡಿ.

ಗಬ್ಬದಲ್ಲಿ ದಿನಕ್ಕೆ ಎರಡೂವರೆ ಕೆಜಿ ತಿನ್ನುತ್ತಿತ್ತು. ಮೇ 8ರಿಂದ ಒಂದೂವರೆ ಕೆಜಿಗೆ ಇಳಿಸಿ ಅದರಲ್ಲಿ ಅರ್ಧ ಗೋಧಿ ಬೂಸಾ ಮಾಡಿದೆವು. ಹೊಟ್ಟೆ ಗಟ್ಟಿಯಾದ ಹಂದಿಗೆ ಹೆರಿಗೆ ಎಳೆಯುತ್ತದೆ, ಆಮೇಲೆ ಜ್ವರ ಬಂದು ಕೆಚ್ಚಲು ಕಲ್ಲಾಗುವ ಸಾಧ್ಯತೆಯೂ ಜಾಸ್ತಿ. ಹಿಕ್ಕೆ ಉಂಡೆಉಂಡೆಯಾಗಿ ಒಣಗಿ ಬಿದ್ದರೆ ಬೂಸಾ ಮತ್ತು ನೀರು ಹೆಚ್ಚಿಸಿ.

ಮೇ 10 ರಾತ್ರಿ

ಮಧ್ಯಾಹ್ನದಿಂದಲೇ ಹುಲ್ಲನ್ನು ಬಾಯಲ್ಲಿ ಕಚ್ಚಿ ಒಂದು ಕಡೆ ರಾಶಿ ಹಾಕುತ್ತಿತ್ತು. ಸಂಜೆ ಮೊಲೆ ಹಿಂಡಿದರೆ ಹಾಲು ಬಂತು, ಅಂದರೆ ಒಂದು ದಿನದೊಳಗೆ ಮರಿ. ರಾತ್ರಿ 9.40ಕ್ಕೆ ಮೊದಲನೆಯದು. ಆಮೇಲೆ 15-20 ನಿಮಿಷಕ್ಕೊಂದು. ನಮ್ಮ ಕೆಲಸ ಇಷ್ಟು: ಮೂಗು ಬಾಯಿಯ ಲೋಳೆ ತೆಗೆದು ಒಣ ಬಟ್ಟೆಯಲ್ಲಿ ಒರೆಸುವುದು, ಹೊಕ್ಕಳ ಬಳ್ಳಿಯನ್ನು ಎರಡು ಇಂಚು ಬಿಟ್ಟು ದಾರ ಕಟ್ಟಿ ಕತ್ತರಿಸಿ ಟಿಂಚರ್ ಅಯೋಡಿನ್‌ನಲ್ಲಿ ಅದ್ದುವುದು, ತಕ್ಷಣ ಮೊಲೆಗೆ ಹಿಡಿಸುವುದು. ಹಂದಿ ಮರಿಗೆ ಹೊಟ್ಟೆಯಲ್ಲಿದ್ದಾಗ ತಾಯಿಯಿಂದ ರೋಗ ತಡೆಯುವ ಶಕ್ತಿ ಸಿಗುವುದಿಲ್ಲ, ಎಲ್ಲವೂ ಗಿಣ್ಣುಹಾಲಿನಿಂದಲೇ. ಅದನ್ನು ಹೀರಿಕೊಳ್ಳುವ ಕರುಳಿನ ಬಾಗಿಲು ಮೊದಲ ದಿನದಲ್ಲೇ ಮುಚ್ಚುತ್ತಾ ಬರುತ್ತದೆ, ಮೊದಲ ಆರು ಗಂಟೆ ಬಹಳ ಮುಖ್ಯ.

ಏಳನೆಯ ಮರಿ ಆದ ಮೇಲೆ 50 ನಿಮಿಷ ಏನೂ ಬರಲಿಲ್ಲ. ಹಂದಿ ಮುಕ್ಕುತ್ತಿತ್ತು, ಬಾಲ ಅಲುಗಿಸುತ್ತಿತ್ತು, ಮರಿ ಇಲ್ಲ. ತಮ್ಮ ಔಷಧಿ ಪೆಟ್ಟಿಗೆಯಿಂದ ಹೆರಿಗೆ ನೋವು ಹೆಚ್ಚಿಸುವ ಆಕ್ಸಿಟೋಸಿನ್ ತೆಗೆದಿದ್ದ. ನಾನು ಪಶುವೈದ್ಯರಿಗೆ ಫೋನ್ ಮಾಡಿದೆ. "ಸರ್, ಇಂಜೆಕ್ಷನ್ ಕೊಡ್ಲೇನ್ರಿ?" ಅಂದೆ. "ಬ್ಯಾಡ ಬ್ಯಾಡ, ಮರಿ ಅಡ್ಡ ಸಿಕ್ಕಿದ್ರ ಗರ್ಭಕೋಶ ಹರಿತೈತಿ. ಮೊದ್ಲು ಎಬ್ಬಿಸಿ ನಾಕು ಹೆಜ್ಜಿ ಅಡ್ಡಾಡಿಸು, ಮಗ್ಗಲು ಬದಲಿಸಿ ಮಲಗಿಸು, ಹುಟ್ಟಿದ ಮರಿ ಎಲ್ಲಾ ಮೊಲಿಗೆ ಬಿಡು. ಇಪ್ಪತ್ತು ನಿಮಿಷದಾಗ ಬರ್ಲಿಲ್ಲ ಅಂದ್ರ ನಾ ಬರ್ತೀನಿ" ಅಂದರು. ಮರಿ ಮೊಲೆ ಚೀಪಿದಾಗ ತಾಯಿಯ ಮೈಯಲ್ಲೇ ಅದೇ ಆಕ್ಸಿಟೋಸಿನ್ ಹುಟ್ಟುತ್ತದೆ. ಹಂದಿ ಎದ್ದು ತಿರುಗಿ ಮತ್ತೊಂದು ಮಗ್ಗಲಿಗೆ ಮಲಗಿದ ಹತ್ತು ನಿಮಿಷಕ್ಕೆ ಎಂಟನೆಯದು ಬಂತು, ಹಿಂಗಾಲು ಮುಂದಾಗಿ, ಸತ್ತೇ ಹುಟ್ಟಿತು. ದಾರಿ ತಡೆದದ್ದು ಅದೇ ಇರಬೇಕು. ಅದರ ಹಿಂದೆ ನಾಲ್ಕು ಬೇಗಬೇಗ ಬಂದವು. ಒಟ್ಟು 12, ಜೀವಂತ 11. ರಾತ್ರಿ 2ರ ಹೊತ್ತಿಗೆ ಕಸ, ಅಂದರೆ ಮಾಸು, ಬಿತ್ತು, ತೆಗೆದು ಗುಂಡಿಯಲ್ಲಿ ಹೂತೆವು.

ಕೊನೆಯ ಮರಿ 700 ಗ್ರಾಂ ಇತ್ತು, ಉಳಿದವು 1.1ರಿಂದ 1.4 ಕೆಜಿ. ಕಳೆದ ಸಲ ಹಾಲಿಲ್ಲದೆ ಸತ್ತದ್ದು ಇಂಥದ್ದೇ. ಈ ಸಲ ದೊಡ್ಡ ಆರು ಮರಿಗಳನ್ನು ಹೊಟ್ಟೆ ತುಂಬಿದ ಮೇಲೆ ಒಂದು ಗಂಟೆ ಗೂಡಿನಲ್ಲಿ ಕೂಡಿಹಾಕಿ, ಸಣ್ಣವನ್ನು ಮಾತ್ರ ತಾಯಿಯ ಬಳಿ ಬಿಟ್ಟೆವು. 700 ಗ್ರಾಮಿನದಕ್ಕೆ ಮೊಲೆ ಹಿಡಿಯುವ ಬಲವೂ ಇರಲಿಲ್ಲ. ಗಿಣ್ಣುಹಾಲನ್ನು ಕೈಯಲ್ಲಿ ಹಿಂಡಿ, ಸೂಜಿಯಿಲ್ಲದ ಸಿರಿಂಜಿನಿಂದ ನಾಲಿಗೆಯ ಮೇಲೆ ಹನಿಹನಿಯಾಗಿ, ಒಂದು ಸಲಕ್ಕೆ 10-15 ಮಿಲಿ, ಬೆಳಗಾಗುವವರೆಗೆ ಐದು ಸಲ ಕೊಟ್ಟೆವು. ಗಟ್ಟಿಯಾದ ಮೇಲೆ ಮುಂದಿನ ಮೊಲೆಗಳಿಗೆ ಹಿಡಿಸಿದೆವು, ಅಲ್ಲಿ ಹಾಲು ಜಾಸ್ತಿ. ಎರಡು ಮೂರು ದಿನದಲ್ಲಿ ಪ್ರತಿ ಮರಿಯೂ ತನ್ನ ಮೊಲೆ ಇದು ಅಂತ ಗೊತ್ತುಮಾಡಿಕೊಳ್ಳುತ್ತದೆ, ಆಮೇಲೆ ಜಾಗ ಬದಲಿಸುವುದು ಕಷ್ಟ.

ಮರಿಗಳು ಗೂಡಿಗೆ ತಾವಾಗಿ ಹೋಗುವುದಿಲ್ಲ, ಇದು ಮೊದಲೇ ತಿಳಿದಿರಲಿ. ಮೊದಲ ಎರಡು ರಾತ್ರಿ ನಾನೂ ತಮ್ಮನೂ ಸರದಿಯಲ್ಲಿ ಕೂತೆವು. ಹಾಲು ಕುಡಿದ ತಕ್ಷಣ ಎತ್ತಿ ಗೂಡಿಗೆ ಹಾಕಿ ಕಿಂಡಿಗೆ ಇಟ್ಟಿಗೆ ಅಡ್ಡ ಇಡುವುದು, ಮುಕ್ಕಾಲು ಗಂಟೆಗೆ ತೆಗೆಯುವುದು. ಹಂದಿ ಹಗಲು ರಾತ್ರಿ ಹೆಚ್ಚುಕಡಿಮೆ ಗಂಟೆಗೊಮ್ಮೆ ಹಾಲು ಬಿಡುತ್ತದೆ, ಹಾಲು ನಿಜಕ್ಕೂ ಇಳಿಯುವುದು 20 ಸೆಕೆಂಡಿನಷ್ಟು ಹೊತ್ತು ಮಾತ್ರ, ಆ ಹೊತ್ತಿಗೆ ಮರಿ ಅಲ್ಲಿರಬೇಕು. ಮೂರನೆಯ ದಿನಕ್ಕೆ ಇಟ್ಟಿಗೆ ಬೇಕಾಗಲಿಲ್ಲ, ಕುಡಿದು ತಾವೇ ಬಲ್ಬಿನ ಕೆಳಗೆ ಓಡುತ್ತಿದ್ದವು.

ಮೇ 12: ಸತ್ತ ಒಂದು ಮರಿ

ಈ ಸಲ ಸತ್ತದ್ದು ಹಗಲಲ್ಲಿ, ಮಧ್ಯಾಹ್ನ 3 ಗಂಟೆಗೆ, ಕೋಣೆಯ ನಡುವೆ. ಬೆಳಗ್ಗೆಯಿಂದ ಕರೆಂಟ್ ಇರಲಿಲ್ಲ, ಟ್ಯಾಂಕ್ ಖಾಲಿಯಾಗಿ ಹನಿ ನಿಂತಿತ್ತು. ಹಂದಿ ಸೆಕೆ ತಡೆಯದೆ ಹತ್ತು ನಿಮಿಷಕ್ಕೊಮ್ಮೆ ಎದ್ದು ಮಲಗುತ್ತಿತ್ತು. ಇತ್ತ ಗೂಡಿನ ಮುಚ್ಚಳ ತೆಗೆಯಲು ನಾನು ಮರೆತಿದ್ದೆ, ಒಳಗೆ 39 ಆಗಿ ಮರಿಗಳೆಲ್ಲ ಹೊರಗೆ ಬಂದು ನೆಲದ ತಂಪಿಗೆ ಮಲಗಿದ್ದವು. ಪೈಪು ಗೋಡೆಯ ಬಳಿ ಕಾಯುತ್ತದೆ, ನಡುವೆ ಅಲ್ಲ. ಒಂದು ಕೂಗು ಕೇಳಿ ತಮ್ಮ ಓಡಿದ, ಹಂದಿಯನ್ನು ಎಬ್ಬಿಸುವ ಹೊತ್ತಿಗೆ ಉಸಿರು ಹೋಗಿತ್ತು. ಒಂದು ಒಂದೂಕಾಲು ಕೆಜಿಯ ಗಟ್ಟಿ ಮರಿ. ಅವ್ವ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಸುಮ್ಮನೆ ನಿಂತಿದ್ದಳು.

ಅವತ್ತೇ ಸಂಜೆ 200 ಲೀಟರ್ ಡ್ರಮ್ ಒಂದನ್ನು ಗೋಡೆಗಿಂತ ಎತ್ತರಕ್ಕೆ ಕಲ್ಲು ಪೇರಿಸಿ ಇಟ್ಟು, ಡ್ರಿಪ್ ಪೈಪನ್ನು ಅದಕ್ಕೆ ಸೇರಿಸಿದೆವು. ಎತ್ತರ ಕಡಿಮೆ ಇದ್ದರೆ ಡ್ರಿಪ್ಪರಿನಿಂದ ಹನಿ ನಿಧಾನ ಆಗುತ್ತದೆ, ಹಾಗಾಗಿ ಎರಡಿದ್ದದ್ದನ್ನು ನಾಲ್ಕು ಮಾಡಿದೆವು. ಬೆಳಗ್ಗೆ ಒಮ್ಮೆ ತುಂಬಿದರೆ ಕರೆಂಟಿನ ಹಂಗಿಲ್ಲ. ಬೆಳಗ್ಗೆ 9ಕ್ಕೆ ಗೂಡಿನ ಮುಚ್ಚಳ ತೆಗೆಯುವುದು, ಸಂಜೆ 8ಕ್ಕೆ ಹಾಕಿ ಬಲ್ಬ್ ಹಚ್ಚುವುದು ಅಂತ ಸಮಯ ಬರೆದು ಬಾಗಿಲಿಗೆ ಅಂಟಿಸಿದೆವು. ಆಮೇಲೆ ಒಂದೂ ಸಾಯಲಿಲ್ಲ.

ಮೇ 13: ಕಬ್ಬಿಣಾಂಶ

ಮೂರನೆಯ ದಿನ ಪ್ರತಿ ಮರಿಗೂ ಕತ್ತಿನ ಸ್ನಾಯುವಿಗೆ 200 ಮಿಗ್ರಾಂ ಐರನ್ ಡೆಕ್ಸ್‌ಟ್ರಾನ್. ಲೆಕ್ಕ ಸರಳ. ಮರಿ ಹುಟ್ಟುವಾಗ ಮೈಯಲ್ಲಿ ಸುಮಾರು 50 ಮಿಗ್ರಾಂ ಕಬ್ಬಿಣಾಂಶ ಇರುತ್ತದೆ, ಬೆಳೆಯಲು ದಿನಕ್ಕೆ 7 ಬೇಕು, ತಾಯಿಯ ಹಾಲಿನಿಂದ ಸಿಗುವುದು 1. ಹೊರಗೆ ಮಣ್ಣಿನಲ್ಲಿ ಮೂತಿ ಹಾಕುವ ಊರ ಹಂದಿಯ ಮರಿಗೆ ಮಣ್ಣಿನಿಂದಲೇ ಸಿಗುತ್ತದೆ, ಕಾಂಕ್ರೀಟಿನ ಮೇಲೆ ಹುಟ್ಟಿದ್ದಕ್ಕೆ ಸಿಗುವುದಿಲ್ಲ. ಕೊಡದಿದ್ದರೆ ಎರಡನೆಯ ಮೂರನೆಯ ವಾರಕ್ಕೆ ಕಿವಿ ಬಿಳಿಚಿಕೊಳ್ಳುತ್ತದೆ, ಕೂದಲು ಒರಟಾಗುತ್ತದೆ, ಸ್ವಲ್ಪ ಓಡಿದರೂ ಪಕ್ಕೆ ಬಡಿದುಕೊಳ್ಳುತ್ತದೆ. ಸೂಜಿ ತೆಗೆದ ಮೇಲೆ ಬೆರಳಿನಿಂದ ಒತ್ತಿ ಹಿಡಿಯಿರಿ, ಇಲ್ಲದಿದ್ದರೆ ಔಷಧಿ ಹೊರಗೆ ಸೋರುತ್ತದೆ. ಬಾಟಲಿಯ ಮೇಲೆ ಒಂದು ಮಿಲಿಗೆ ಎಷ್ಟು ಮಿಗ್ರಾಂ ಅಂತ ಓದಿಯೇ ಅಳತೆ ಹಾಕಿ, 50ರದ್ದೂ ಇದೆ, 100ರದ್ದೂ ಇದೆ.

ತಾಯಿಯ ಹೊಟ್ಟೆ

ಹಾಲು ಕುಡಿಸುವ ಹಂದಿಗೆ ಎರಡೂವರೆ ಕೆಜಿ, ಮೇಲೆ ಮರಿಗೆ ಕಾಲು ಕೆಜಿಯ ಹಾಗೆ. ನಮ್ಮ 10 ಮರಿಗೆ 5 ಕೆಜಿ. ಮೊದಲ ದಿನವೇ ಅಷ್ಟು ಹಾಕಬಾರದು, ಒಂದೂವರೆಯಿಂದ ಶುರು ಮಾಡಿ ದಿನಕ್ಕೆ ಅರ್ಧ ಕೆಜಿ ಏರಿಸಿದೆವು. 100 ಕೆಜಿಗೆ ನಾವು ಕಲಸುವುದು ಹೀಗೆ: ಮೆಕ್ಕೆಜೋಳದ ನುಚ್ಚು 50, ಅಕ್ಕಿ ತೌಡು 18, ಶೇಂಗಾ ಹಿಂಡಿ 12, ಸೋಯಾ ಹಿಂಡಿ 10, ಗೋಧಿ ಬೂಸಾ 7, ಖನಿಜ ಮಿಶ್ರಣ ಎರಡೂವರೆ, ಉಪ್ಪು ಅರ್ಧ. ಗಂಗಾವತಿಯಲ್ಲಿ ರೈಸ್ ಮಿಲ್ಲುಗಳಿಗೆ ಕೊರತೆಯಿಲ್ಲ, ತೌಡು ಸುಲಭವಾಗಿ ಸಿಗುತ್ತದೆ, ಆದರೆ ಬೇಸಿಗೆಯಲ್ಲಿ ಒಂದೆರಡು ವಾರಕ್ಕೇ ಎಣ್ಣೆ ಕೆಟ್ಟು ಕಮಟು ಹಿಡಿಯುತ್ತದೆ, ಹಂದಿ ಮೂಸಿ ಬಿಟ್ಟುಬಿಡುತ್ತದೆ. ಹತ್ತು ದಿನಕ್ಕಾಗುವಷ್ಟೇ ತನ್ನಿ. ಶೇಂಗಾ ಹಿಂಡಿಯಲ್ಲಿ ಬೂಷ್ಟು ಕಂಡರೆ ಆ ಚೀಲವನ್ನೇ ಬಿಡಿ, ಆ ವಿಷ ಲಿವರ್ ಕೆಡಿಸುತ್ತದೆ. ಹತ್ತಿಕಾಳಿನ ಹಿಂಡಿ ನಮ್ಮ ಕಡೆ, ರಾಯಚೂರು ಕಡೆ ಬೇಕಾದಷ್ಟು ಸಿಗುತ್ತದೆ, ಎಮ್ಮೆಗೆ ಸರಿ, ಹಂದಿಗೆ ಬೇಡ. ಅದರಲ್ಲಿರುವ ಗಾಸಿಪಾಲ್ ಹಂದಿಯ ಹೃದಯಕ್ಕೆ ಪೆಟ್ಟು ಕೊಡುತ್ತದೆ. ಹೋಟೆಲ್ ಮುಸುರೆ ನಾವು ಹಾಕುವುದಿಲ್ಲ, ಹಾಕುವವರು ಅರ್ಧ ಗಂಟೆ ಕುದಿಸಿಯೇ ಹಾಕಿ. 2020ರಲ್ಲಿ ಈಶಾನ್ಯ ರಾಜ್ಯಗಳಿಗೆ ಬಂದ ಆಫ್ರಿಕನ್ ಹಂದಿ ಜ್ವರ ಹಸಿ ಮಾಂಸದ ಚೂರಿನಿಂದಲೂ ಹರಡುತ್ತದೆ, ಅದಕ್ಕೆ ಔಷಧಿ ಇಲ್ಲ.

ಮೇ ತಿಂಗಳ ಸೆಕೆಗೆ ಹಂದಿ 5 ಕೆಜಿ ತಿನ್ನಲೇ ಇಲ್ಲ, ಮೂರಕ್ಕೆ ನಿಂತಿತು. ಹೊತ್ತು ಬದಲಿಸಿದೆವು: ಬೆಳಗಿನ ಜಾವ 5ಕ್ಕೆ ಎರಡು ಕೆಜಿ, ರಾತ್ರಿ 9ಕ್ಕೆ ಎರಡೂವರೆ, ಎರಡೂ ನೀರು ಹಾಕಿ ಗಂಜಿಯಂತೆ ಕಲಸಿ. ನಾಲ್ಕೂವರೆಗೆ ಬಂತು. ಕುಡಿಯಲು ದಿನಕ್ಕೆ 30 ಲೀಟರ್ ಮೇಲೆ ನೀರು ಬೇಕು, ಬಿಸಿಲಿಗೆ ಕಾದ ಪೈಪಿನ ನೀರನ್ನು ಅದು ಮುಟ್ಟುವುದಿಲ್ಲ, ಮೊದಲ ಬಕೆಟ್ ಹೊರಗೆ ಚೆಲ್ಲಿ ಆಮೇಲೆ ಬಾನಿಗೆ ಬಿಡಿ. ಮರಿಗಳು ಹಾಲು ಕುಡಿದ ಮೇಲೂ ಕಿರುಚುತ್ತಿದ್ದರೆ ಹಾಲಿಲ್ಲ ಅಂತ ಅರ್ಥ, ಆಗ ಕೆಚ್ಚಲು ಮುಟ್ಟಿ ನೋಡಿ. ಗಟ್ಟಿಯಾಗಿ ಬಿಸಿ ಇದ್ದು, ಹಂದಿಯ ಜ್ವರ 40 ಡಿಗ್ರಿ ದಾಟಿದ್ದರೆ ಅವತ್ತೇ ವೈದ್ಯರನ್ನು ಕರೆಯಿರಿ.

ಜೂನ್ 21

ಹತ್ತನೆಯ ದಿನದಿಂದ ಗೂಡಿನೊಳಗೆ ತಟ್ಟೆಯಲ್ಲಿ ಸಣ್ಣ ನುಚ್ಚಿನ ಮರಿ ಆಹಾರ ಇಟ್ಟೆವು. 42ನೇ ದಿನಕ್ಕೆ ಮರಿಗಳನ್ನು ಅಲ್ಲೇ ಬಿಟ್ಟು ತಾಯಿಯನ್ನು ಹೊರಗೆ ಒಯ್ದೆವು, ಜಾಗವೂ ತಾಯಿಯೂ ಒಟ್ಟಿಗೆ ತಪ್ಪಿದರೆ ಮರಿ ತಿನ್ನುವುದು ಬಿಡುತ್ತದೆ. ಹತ್ತಕ್ಕೆ ಹತ್ತೂ ಇದ್ದವು. 700 ಗ್ರಾಮಿನದು ಎಲ್ಲರಿಗಿಂತ ಸಣ್ಣದೇ, 6 ಕೆಜಿ ತೂಗಿತು, ಆದರೆ ತಟ್ಟೆಗೆ ಮೊದಲು ಬರುವುದು ಅದೇ.

ಜೂನ್ 26ಕ್ಕೆ ತಾಯಿ ಮತ್ತೆ ಬೆದೆಗೆ ಬಂತು, ಮುಂದಿನ ಲೆಕ್ಕ ಅಕ್ಟೋಬರ್ 18. ಅದಕ್ಕೆ ಮೊದಲು ಆಗಬೇಕಾದ ಕೆಲಸ ಎರಡು. ಗೂಡಿನ ಮುಚ್ಚಳಕ್ಕೆ ಕೀಲು ಹಾಕಿ ಅರ್ಧ ಮಾತ್ರ ತೆರೆಯುವ ಹಾಗೆ ಮಾಡಬೇಕು. ಬಾಗಿಲಿನ ಪಕ್ಕದ ಮೂರು ಅಡಿ ಗೋಡೆಗೆ ಪೈಪು ಇಲ್ಲ, ಹಂದಿ ಕೊನೆಯ ವಾರಗಳಲ್ಲಿ ಅಲ್ಲೇ ಒರಗಲು ಶುರು ಮಾಡಿತ್ತು, ಅಲ್ಲಿಗೂ ಒಂದು ತುಂಡು ಹಾಕಿಸಬೇಕು.